15ಕ್ಕೆ 15 ಅಂಕ. ಆದರೂ ತಲೆ ತಿರುಗುವುದೇಕೆ?

ತಲೆಗೆ ಪೆಟ್ಟು ಬಿದ್ದವರ ಮನೆಯಲ್ಲಿ ಎರಡು ಪ್ರಶ್ನೆಗಳು ಎರಡು ಬೇರೆ ಬೇರೆ ಕಾಲದಲ್ಲಿ ಹುಟ್ಟುತ್ತವೆ. ಪೆಟ್ಟು ಬಿದ್ದ ರಾತ್ರಿ ಹುಟ್ಟುವ ಪ್ರಶ್ನೆ, ‘ಜೀವಕ್ಕೆ ಅಪಾಯವಿಲ್ಲವಷ್ಟೆ?’ ಎಂಬುದು. ಎರಡು ವಾರಗಳ ಅನಂತರ ಹುಟ್ಟುವ ಪ್ರಶ್ನೆ, ‘ಎಲ್ಲವೂ ಸರಿಯಾಗಿದೆಯೆಂದು ಆಸ್ಪತ್ರೆಯವರು ಹೇಳಿ ಕಳುಹಿದ ಮೇಲೂ ಇವನು ಹೀಗೇಕಿದ್ದಾನೆ?’ ಎಂಬುದು. ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯರ ಕೈಯಲ್ಲಿ ಒಂದು ಸರಳವಾದ ಮಾಪಕವಿದೆ. ಎರಡನೆಯ ಪ್ರಶ್ನೆಗೆ ಆ ಮಾಪಕ ಉತ್ತರ ಹೇಳಲಾರದು. ಹೇಳುವುದಕ್ಕೆಂದು ಅದನ್ನು ಮಾಡಿಯೂ ಇಲ್ಲ. ಈ ಭೇದವನ್ನು ಅರಿಯದೆ ಎಷ್ಟೋ ಸಂಸಾರಗಳಲ್ಲಿ ನಿಜವಾದ ರೋಗಿಯು ಸೋಮಾರಿಯೆನಿಸಿಕೊಳ್ಳುತ್ತಾನೆ. ಬೇರೆ ಕೆಲವು ಮನೆಗಳಲ್ಲಿ ತಾನಾಗಿ ಮಾಯುವ ತೊಂದರೆಯೇ ಹುಚ್ಚಿನ ಆರಂಭವೆಂಬ ಭಯವನ್ನು ಹುಟ್ಟಿಸುತ್ತದೆ.

ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ದಾರಿಗಳನ್ನು ಬಲ್ಲವರಿಗೆ ಇಂತಹ ಪೆಟ್ಟು ಹೇಗೆ ಬೀಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಿತ್ತೂರಿನ ಮಗ್ಗುಲಲ್ಲಿಯೇ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ದಾರಿಗಳಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆಯುತ್ತ ಸಂಜೆಗತ್ತಲಲ್ಲಿ ಸಾಗುತ್ತವೆ. ಹಿಂದಿನ ಟ್ರೇಲರಿಗೆ ಕೆಂಪು ದೀಪವಿಲ್ಲದಿದ್ದರೆ ದ್ವಿಚಕ್ರವಾಹನದವನಿಗೆ ಅದು ಕಾಣುವುದು ಕೊನೆಯ ಗಳಿಗೆಯಲ್ಲಿ. ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಜನಸಂದಣಿಯಂತೂ ಹೇಳತೀರದು. ಪೆಟ್ಟು ಬೀಳುವ ಸ್ಥಳಕ್ಕೂ ತಲೆಯ ಶಸ್ತ್ರಚಿಕಿತ್ಸೆ ನಡೆಯುವ ಬೆಳಗಾವಿ, ಹುಬ್ಬಳ್ಳಿಗಳ ದೊಡ್ಡ ಆಸ್ಪತ್ರೆಗಳಿಗೂ ನಡುವೆ ದೀರ್ಘವಾದ ದಾರಿಯಿದೆ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿಲೋಮೀಟರು. ಈ ದಾರಿಯುದ್ದಕ್ಕೂ ರೋಗಿಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಾನೆ. ಮೊದಲು ನೋಡಿದವರು ಕಂಡದ್ದನ್ನು ಕೊನೆಯಲ್ಲಿ ನೋಡುವವರು ಯಥಾವತ್ತಾಗಿ ತಿಳಿಯುವುದು ಹೇಗೆ? ಮಾಪಕದ ಹುಟ್ಟಿಗೆ ಕಾರಣವಾದದ್ದು ಈ ಪ್ರಶ್ನೆಯೇ.

ಮೂರು ನೋಟಗಳು

1974ನೆಯ ಇಸವಿಯವರೆಗೆ ಪ್ರಜ್ಞೆ ತಪ್ಪಿದ ರೋಗಿಯ ಸ್ಥಿತಿಯನ್ನು ವರ್ಣಿಸಲು ವೈದ್ಯರು ಬಗೆಬಗೆಯ ಶಬ್ದಗಳನ್ನು ಬಳಸುತ್ತಿದ್ದರು. ಒಬ್ಬರು ‘ಮಂಪರು’ ಎಂದುದನ್ನು ಮತ್ತೊಬ್ಬರು ‘ಅರೆಮೂರ್ಛೆ’ ಎನ್ನುತ್ತಿದ್ದರು. ರಾತ್ರಿಯ ದಾದಿ ‘ಸ್ವಲ್ಪ ಎಚ್ಚರವಿದೆ’ ಎಂದು ಬರೆದಿಟ್ಟರೆ, ಬೆಳಗಿನ ವೈದ್ಯರಿಗೆ ಆ ‘ಸ್ವಲ್ಪ’ವೆಂದರೆ ಎಷ್ಟೆಂಬುದು ತಿಳಿಯುತ್ತಿರಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ಇಬ್ಬರು ನರಶಸ್ತ್ರವೈದ್ಯರು ಆ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊಸದೊಂದು ಕ್ರಮವನ್ನು ಸೂಚಿಸಿದರು. ರೋಗಿಯ ಸ್ಥಿತಿಗೆ ಹೆಸರಿಡುವುದನ್ನು ಬಿಟ್ಟು, ಆತ ಏನು ಮಾಡುತ್ತಾನೆಂಬುದನ್ನು ಬರೆದಿಡಿರಿ ಎಂಬುದೇ ಅದರ ತಿರುಳು. ಗ್ಲಾಸ್ಗೋ ಕೋಮಾ ಮಾಪಕವೆಂದು ಇಂದು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಬಳಕೆಯಲ್ಲಿರುವುದು ಇದೇ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡುದೂ ಅದೇ 1974ರಲ್ಲಿ ಎಂಬುದು ಒಂದು ಆಕಸ್ಮಿಕ.

ಮಾಪಕದಲ್ಲಿ ನೋಡಬೇಕಾದವು ಮೂರೇ: ಕಣ್ಣು, ಮಾತು, ಕೈಯ ಚಲನೆ.

ಕಣ್ಣು ತಾನಾಗಿಯೇ ತೆರೆದಿದ್ದರೆ 4 ಅಂಕ. ಕೂಗಿದಾಗ ತೆರೆದರೆ 3. ಕೂಗಿಗೆ ಓಗೊಡದೆ, ಉಗುರಿನ ತುದಿಯನ್ನು ಒತ್ತಿದಾಗ ತೆರೆದರೆ 2. ಏನು ಮಾಡಿದರೂ ತೆರೆಯದಿದ್ದರೆ 1.

ಮಾತಿಗೆ 5 ಅಂಕಗಳು. ತನ್ನ ಹೆಸರು, ತಾನಿರುವ ಸ್ಥಳ, ನಡೆಯುತ್ತಿರುವ ತಿಂಗಳು, ಇವನ್ನು ಸರಿಯಾಗಿ ಹೇಳಿದರೆ 5. ವಾಕ್ಯಗಳನ್ನಾಡಿದರೂ ಗೊಂದಲವಿದ್ದರೆ 4. ಸಂಬಂಧವಿಲ್ಲದ ಬಿಡಿಬಿಡಿ ಶಬ್ದಗಳಷ್ಟೇ ಬಂದರೆ 3. ನರಳಾಟದ ಧ್ವನಿ ಮಾತ್ರವಾದರೆ 2. ಮೌನವಾದರೆ 1.

ಕೈಯ ಚಲನೆಗೆ 6 ಅಂಕಗಳು. ಹೇಳಿದಂತೆ ಮಾಡಿದರೆ 6. ಹೇಳಿದ್ದನ್ನು ಮಾಡದೆ, ಹುಬ್ಬಿನ ಏಣಿನ ಮೇಲೆ ಒತ್ತಿದಾಗ ಒತ್ತುವ ಕೈಯನ್ನು ತಳ್ಳಲು ತನ್ನ ಕೈಯನ್ನು ಕತ್ತಿನಿಂದ ಮೇಲಕ್ಕೆ ತಂದರೆ 5. ಕೈಯನ್ನು ಥಟ್ಟನೆ ಮಡಿಸಿ ಹಿಂದಕ್ಕೆಳೆದುಕೊಂಡರೆ 4. ಕೈ ನಿಧಾನವಾಗಿ ಬಿಗಿದುಕೊಂಡು ಎದೆಯ ಮೇಲೆ ಅಸಹಜವಾಗಿ ಮಡಿಚಿಕೊಂಡರೆ 3. ಮೊಳಕೈ ಸೆಟೆದು ನೀಡಿದರೆ 2. ಚಲನೆಯೇ ಇಲ್ಲದಿದ್ದರೆ 1. ಎರಡು ಕೈಗಳಲ್ಲಿ ಭೇದವಿದ್ದರೆ ಉತ್ತಮವಾಗಿ ಆಡುವ ಕೈಯನ್ನೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಆದರೆ ಇನ್ನೊಂದು ಕೈ ಸೋತಿದೆಯೆಂಬುದನ್ನು ಬೇರೆಯಾಗಿ ಬರೆಯಲೇಬೇಕು.

ಮೂರನ್ನೂ ಕೂಡಿಸಿದರೆ ಅತ್ಯಧಿಕ 15, ಅತ್ಯಲ್ಪ 3. ಸೊನ್ನೆಯೆಂಬುದು ಈ ಮಾಪಕದಲ್ಲಿಲ್ಲ. 13ರಿಂದ 15ರವರೆಗೆ ಲಘುವಾದ ಪೆಟ್ಟು, 9ರಿಂದ 12ರವರೆಗೆ ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರವಾದ ಪೆಟ್ಟು ಎಂದು ವಿಂಗಡಿಸುವುದು ರೂಢಿಯಾಗಿದೆ. ಚಿಕ್ಕ ಮಕ್ಕಳಿಗೆ ಊರು, ತಿಂಗಳುಗಳ ಪ್ರಶ್ನೆ ಕೇಳಲಾಗದು. ಅವರಿಗಾಗಿ ಮಾತಿನ ಭಾಗವನ್ನು ಬದಲಿಸಿದ ಬೇರೊಂದು ಮಾಪಕವಿದೆ.

ಅಂಕ ಕೊಡುವವರು ಎಡವುವುದೆಲ್ಲಿ?

ಕೇಳುವುದಕ್ಕೆ ಇಷ್ಟು ಸರಳವಾದರೂ, ಅಂಕ ಕೊಡುವಲ್ಲಿ ತಪ್ಪು ನುಸುಳುವುದುಂಟು. ಅದರಲ್ಲಿಯೂ ಮಾತಿನ ಅಂಕದಲ್ಲಿ ಹೆಚ್ಚು. ಯಲ್ಲಮ್ಮನ ಗುಡ್ಡಕ್ಕೆ ಬಂದ ಮರಾಠಿ ಮುದುಕಿಯೊಬ್ಬಳಿಗೆ ಪೆಟ್ಟಾಗಿದೆಯೆನ್ನೋಣ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಆಕೆ ತಡವರಿಸಿದರೆ ಅದು ಮಿದುಳಿನ ದೋಷವಲ್ಲ, ಭಾಷೆಯ ದೋಷ. ರಾಮದುರ್ಗದ ಕಡೆಯ ಹಳ್ಳಿಯ ರೈತನೊಬ್ಬ ‘ಆಗಸ್ಟ್’ ಎನ್ನದೆ ‘ಶ್ರಾವಣ’ ಎಂದರೆ ಆತನಿಗೆ ಕಾಲದ ಅರಿವು ಪೂರ್ಣವಾಗಿದೆಯೆಂದೇ ಅರ್ಥ, ಅಂಕ ಕಳೆಯತಕ್ಕದ್ದಲ್ಲ. ಕಿವಿ ಮಂದವಾದ ವೃದ್ಧರದೂ ಇದೇ ಪಾಡು.

ಕೈಯ ಪರೀಕ್ಷೆಯಲ್ಲಿಯೂ ಒಂದು ಸೂಕ್ಷ್ಮವಿದೆ. ‘ನನ್ನ ಬೆರಳು ಹಿಡಿ’ ಎಂದಾಗ ರೋಗಿಯು ಹಿಡಿದುಬಿಟ್ಟರೆ ಸಾಲದು. ಎಳೆಗೂಸು ಕೂಡ ಅಂಗೈಗೆ ತಾಗಿದ ಬೆರಳನ್ನು ಹಿಡಿಯುತ್ತದೆ. ‘ಬಿಡು’ ಎಂದಾಗ ಬಿಟ್ಟರೆ ಮಾತ್ರ ಆತ ಮಾತನ್ನು ತಿಳಿದು ನಡೆದನೆಂದು ಹೇಳಬಹುದು. ‘ನಾಲಿಗೆ ಚಾಚು’ ಎಂಬ ಅಪ್ಪಣೆ ಇದಕ್ಕಿಂತಲೂ ನಂಬಲರ್ಹವಾದುದು. ಇನ್ನು ಕಣ್ಣು ಬಾತು ಮುಚ್ಚಿಹೋಗಿದ್ದರೆ ಅಥವಾ ಉಸಿರಾಟಕ್ಕಾಗಿ ಗಂಟಲಿನಲ್ಲಿ ಕೊಳವೆ ಇಟ್ಟಿದ್ದರೆ, ಆ ಭಾಗಕ್ಕೆ 1 ಎಂದು ಬರೆಯುವುದು ತಪ್ಪು. ‘ಪರೀಕ್ಷಿಸಲಾಗಲಿಲ್ಲ’ ಎಂದೇ ಬರೆಯಬೇಕು.

ಎಲ್ಲಕ್ಕಿಂತ ಅಪಾಯಕರವಾದ ತಪ್ಪು ಮದ್ಯದ ವಾಸನೆಯಿಂದ ಹುಟ್ಟುತ್ತದೆ. ರೋಗಿ ತೊದಲುತ್ತಿದ್ದಾನೆ, ಬಾಯಲ್ಲಿ ವಾಸನೆಯಿದೆ. ‘ಕುಡಿದಿದ್ದಾನೆ, ಮಲಗಿ ಎದ್ದರೆ ಸರಿಹೋಗುತ್ತಾನೆ’ ಎಂದು ಜನ ಬಿಟ್ಟುಬಿಡುತ್ತಾರೆ. ಕುಡಿದವನ ತಲೆಯೊಳಗೂ ರಕ್ತ ಸೋರಬಲ್ಲದು. ತಲೆಗೆ ಪೆಟ್ಟು ಬಿದ್ದವನ ಅಂಕ ಕಡಿಮೆಯಾಗಿದ್ದರೆ, ಬೇರೆ ಕಾರಣ ಸಿದ್ಧವಾಗುವವರೆಗೆ ಅದಕ್ಕೆ ಪೆಟ್ಟೇ ಕಾರಣವೆಂದು ತಿಳಿಯುವುದು ವೈದ್ಯರ ನಿಯಮ.

ಒಂದು ಸಂಜೆಯ ಲೆಕ್ಕ

ಮಾಪಕವು ಕೆಲಸ ಮಾಡುವ ರೀತಿಯನ್ನು ತಿಳಿಯಲು ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಆತ ಬೈಲಹೊಂಗಲದ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ, ವಯಸ್ಸು 38. ಸವದತ್ತಿಯಲ್ಲಿ ವಸೂಲಿಯ ಕೆಲಸ ಮುಗಿಸಿ ಮೋಟಾರ್ ಸೈಕಲ್ಲಿನಲ್ಲಿ ಹಿಂದಿರುಗುತ್ತಿದ್ದಾನೆ. ಹೆಲ್ಮೆಟ್ಟು ತಲೆಯ ಮೇಲಿರದೆ ಪೆಟ್ರೋಲ್ ಟ್ಯಾಂಕಿನ ಮೇಲಿದೆ. ಸಂಜೆ ಆರೂವರೆಗೆ ಕಬ್ಬಿನ ಟ್ರೇಲರಿನ ಹಿಂಬದಿ ಕಂಡು ಥಟ್ಟನೆ ಬ್ರೇಕು ಹಾಕುತ್ತಾನೆ, ಗಾಡಿ ಜಾರುತ್ತದೆ.

ಓಡಿಬಂದ ಜನರು ಮುಖಕ್ಕೆ ನೀರು ಚಿಮುಕಿಸುತ್ತಾರೆ; ಒಬ್ಬ ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾನೆ. ಇವುಗಳಿಂದ ಮಿದುಳಿಗೆ ಯಾವ ಉಪಯೋಗವೂ ಇಲ್ಲ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯವೂ ಉಂಟು. ಕತ್ತನ್ನು ಅಲುಗಿಸದೆ ಹಿಡಿದು, ಉಸಿರಾಟ ಸರಾಗವಾಗಿದೆಯೇ ಎಂದು ನೋಡಿ, 108ಕ್ಕೆ ಕರೆಮಾಡುವುದು ಮಾತ್ರ ಅಲ್ಲಿ ಮಾಡತಕ್ಕ ಕೆಲಸ. 2008ರಲ್ಲಿ ಆ ವಾಹನ ಕರ್ನಾಟಕಕ್ಕೆ ಬಂದ ಮೇಲೆ ಹಲವರ ಪಾಲಿಗೆ ಮಾಪಕದ ಮೊದಲ ಅಂಕ ರಸ್ತೆಯ ಬದಿಯಲ್ಲಿಯೇ ಬರೆಯಲ್ಪಡುತ್ತದೆ.

ಗುಮಾಸ್ತನಿಗೆ ಕೆಲವು ನಿಮಿಷಗಳಲ್ಲಿ ಎಚ್ಚರವಾಗಿದೆ. ಕಣ್ಣು ಮುಚ್ಚಿಯೇ ಇದೆ. ಜೋರಾಗಿ ಕೂಗಿದರೆ ತೆರೆಯುತ್ತಾನೆ: 3. ಮಾತಾಡುತ್ತಾನೆ, ಆದರೆ ‘ಇದು ಕಿತ್ತೂರ ಏನ್ರಿ? ನನಗೇನಾಗೇತ್ರಿ?’ ಎಂದು ಅದನ್ನೇ ಮತ್ತೆ ಮತ್ತೆ ಕೇಳುತ್ತಾನೆ: 4. ಎರಡು ಬೆರಳು ಎತ್ತೆಂದರೆ ಎತ್ತುತ್ತಾನೆ: 6. ಒಟ್ಟು 13. ಬೈಲಹೊಂಗಲದ ಆಸ್ಪತ್ರೆಗೆ ಬಂದಾಗ ಏಳೂವರೆ. ಕಣ್ಣು ತಾನಾಗಿ ತೆರೆದಿದೆ, ಗೊಂದಲ ಮಾತ್ರ ಹೋಗಿಲ್ಲ: 14. ಎಂಟೂವರೆಗೂ 14. ಒಂದು ಸಲ ವಾಂತಿಯಾಗಿದೆ.

ಇಲ್ಲಿ ವೈದ್ಯರು ಒಂದು ನಿರ್ಧಾರ ಕೈಗೊಳ್ಳಬೇಕು. 14 ಅಂಕವೆಂದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಾಯಿತಲ್ಲ ಎಂದು ಶಾಲೆಯ ಪರೀಕ್ಷೆಯಂತೆ ಎಣಿಸುವಂತಿಲ್ಲ. ಪೆಟ್ಟು ಬಿದ್ದು ಎರಡು ಗಂಟೆಗಳಾದ ಮೇಲೂ 15ಕ್ಕೆ ಏರದಿದ್ದರೆ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಬೇಕೆಂಬುದು ಹಲವು ದೇಶಗಳ ವೈದ್ಯರು ಒಪ್ಪಿ ನಡೆಯುವ ಸೂತ್ರ. ಒಂದಕ್ಕಿಂತ ಹೆಚ್ಚು ಸಲ ವಾಂತಿ, ಸೆಳವು, ಒಂದು ಕೈ ಅಥವಾ ಕಾಲಿನ ನಿಶ್ಶಕ್ತಿ, ಕಿವಿ ಮೂಗುಗಳಿಂದ ತಿಳಿನೀರಿನಂತಹ ದ್ರವ, ಎರಡೂ ಕಣ್ಣುಗಳ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪುಗಟ್ಟುವುದು, ಇವುಗಳಲ್ಲಿ ಒಂದಿದ್ದರೂ ಅದೇ ಮಾತು. ಗುಮಾಸ್ತನನ್ನು ಬೆಳಗಾವಿಗೆ ಕಳುಹಿಸುತ್ತಾರೆ. ಜತೆಯಲ್ಲಿ ಹೋದ ಚೀಟಿಯಲ್ಲಿ ಮೂರು ವೇಳೆ, ಮೂರು ಮೊತ್ತ, ಪ್ರತಿಯೊಂದರ ಬಿಡಿ ಅಂಕಗಳೂ ಇವೆ. ರಾತ್ರಿ ಹತ್ತೂವರೆಗೆ ಬೆಳಗಾವಿಯಲ್ಲಿ 15. ಸ್ಕ್ಯಾನಿನಲ್ಲಿ ರಕ್ತಸ್ರಾವವಿಲ್ಲ, ಮೂಳೆ ಮುರಿದಿಲ್ಲ. ರಾತ್ರಿಯೆಲ್ಲ ಕಾದು ನೋಡಿ ಮರುದಿನ ಮನೆಗೆ ಕಳುಹಿಸುತ್ತಾರೆ.

ಆ ಚೀಟಿಯ ಬೆಲೆ ತಿಳಿಯಬೇಕಾದರೆ ಇದರ ವಿರುದ್ಧವಾದ ಲೆಕ್ಕವನ್ನು ನೋಡಬೇಕು. ಪೆಟ್ಟು ಬಿದ್ದವನೊಬ್ಬ ಎದ್ದು ಕುಳಿತು ಚಹಾ ಕುಡಿದು ಎಲ್ಲರೊಡನೆ ಮಾತಾಡುತ್ತಾನೆ: 15. ಒಂದು ಗಂಟೆಯ ನಂತರ ತಲೆನೋವು ಹೆಚ್ಚಿ ತೂಕಡಿಸತೊಡಗುತ್ತಾನೆ: 13. ಇನ್ನರ್ಧ ಗಂಟೆಗೆ ಉಗುರು ಒತ್ತಿದರೆ ಮಾತ್ರ ಕಣ್ಣು ತೆರೆಯುತ್ತಾನೆ, ನರಳುತ್ತಾನೆ, ಒತ್ತುವ ಕೈಯನ್ನು ತಳ್ಳುತ್ತಾನೆ: 2, 2, 5, ಒಟ್ಟು 9. ಕಪಾಲಕ್ಕೂ ಮಿದುಳಿನ ಹೊರಪೊರೆಗೂ ನಡುವೆ ಹರಿದ ರಕ್ತನಾಳದಿಂದ ರಕ್ತ ಶೇಖರವಾಗಿ ಮಿದುಳನ್ನು ಒತ್ತುವಾಗ ಹೀಗಾಗುತ್ತದೆ. ನಡುವಣ ಆ ಒಳ್ಳೆಯ ಗಳಿಗೆಯೇ ಜನರನ್ನು ಮೋಸಗೊಳಿಸುತ್ತದೆ. ಇಂಗ್ಲೆಂಡಿನ ನಟಿ ನತಾಶಾ ರಿಚರ್ಡ್‌ಸನ್ 2009ರಲ್ಲಿ ಕೆನಡದ ಹಿಮದ ಇಳಿಜಾರಿನಲ್ಲಿ ಬಿದ್ದು, ಮೊದಲು ಚೆನ್ನಾಗಿಯೇ ಇದ್ದು, ಬಳಿಕ ಇಂತಹುದೇ ರಕ್ತಸ್ರಾವದಿಂದ ತೀರಿಕೊಂಡಳು. ಆದುದರಿಂದ ಒಂದು ಸಲದ ಅಂಕಕ್ಕಿಂತ ಅಂಕಗಳ ಏರಿಳಿತವೇ ಮುಖ್ಯ. ಎರಡು ಅಂಕ ಇಳಿಯಿತೆಂದರೆ ಅದು ತುರ್ತುಸ್ಥಿತಿ.

ಬಿಡಿ ಅಂಕಗಳನ್ನು ಬರೆಯಬೇಕೆಂಬುದಕ್ಕೂ ಕಾರಣವಿದೆ. ಒಂದೇ ಮೊತ್ತವು ಬೇರೆ ಬೇರೆ ಕೂಡಿಕೆಗಳಿಂದ ಬರಬಹುದು. ಅವೆಲ್ಲದರ ಅರ್ಥ ಒಂದೇ ಅಲ್ಲ. ತೀವ್ರವಾದ ಪೆಟ್ಟಿನಲ್ಲಿ ಕೈಯ ಅಂಕವೇ ಮುಂದಿನ ಗತಿಯನ್ನು ಹೆಚ್ಚು ಸೂಚಿಸುತ್ತದೆ. ಮಾಪಕವನ್ನು ಕಂಡುಹಿಡಿದವರು ಮೊದಲಿಗೆ ಮೂರನ್ನೂ ಬೇರೆ ಬೇರೆಯಾಗಿಯೇ ಗುರುತಿಸಿದ್ದರು. ಕೂಡಿಸುವ ಪದ್ಧತಿ ಬಂದದ್ದು ಆಮೇಲೆ.

ಮನೆಗೆ ಬಂದ ಮೇಲೆ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಗುಮಾಸ್ತನಿಗೆ ಸವದತ್ತಿ ಬಿಟ್ಟದ್ದು ನೆನಪಿದೆ. ಅನಂತರದ ನೆನಪು ಬೆಳಗಾವಿಯ ಆಸ್ಪತ್ರೆಯಲ್ಲಿ ಮೇಲೆ ತಿರುಗುತ್ತಿದ್ದ ಪಂಖೆಯದು. ನಡುವಣ ನಾಲ್ಕು ಗಂಟೆಗಳು ಅಳಿಸಿಹೋಗಿವೆ. ಆ ನಾಲ್ಕು ಗಂಟೆಗಳಲ್ಲಿ ಆತ ಮಾತಾಡಿದ್ದಾನೆ, ಅಣ್ಣನನ್ನು ಗುರುತಿಸಿದ್ದಾನೆ. ಆದರೆ ಯಾವುದೂ ಮನಸ್ಸಿನಲ್ಲಿ ಅಚ್ಚೊತ್ತಿಲ್ಲ. ಪೆಟ್ಟಿನ ನಂತರದ ಈ ಮರೆವು ಎಷ್ಟು ಹೊತ್ತಿನದೆಂಬುದೂ ಪೆಟ್ಟಿನ ತೂಕವನ್ನು ಅಳೆಯುವ ಒಂದು ಅಳತೆ. ಮೊದಲ ಅಂಕ 13ರಿಂದ 15ರೊಳಗಿದ್ದು, ಎಚ್ಚರ ತಪ್ಪಿದ್ದು ಅರ್ಧ ಗಂಟೆಗೆ ಮೀರದೆ, ಮರೆವು 24 ಗಂಟೆಗಳೊಳಗೆ ಮುಗಿದರೆ ಅದನ್ನು ಲಘುವಾದ ಪೆಟ್ಟೆನ್ನುತ್ತಾರೆ. ಗುಮಾಸ್ತನದು ಇದೇ ವರ್ಗ.

‘ಲಘು’ ಎಂಬ ಈ ಶಬ್ದವೇ ಮನೆಯವರನ್ನು ದಾರಿತಪ್ಪಿಸುತ್ತದೆ. ಜೀವಾಪಾಯದ ದೃಷ್ಟಿಯಿಂದ ಲಘು ಎಂದು ಅದರ ಅರ್ಥವೇ ಹೊರತು, ಅನುಭವಿಸುವವನಿಗೆ ಲಘು ಎಂದಲ್ಲ. ಸ್ಕ್ಯಾನ್ ಯಂತ್ರವು ರಕ್ತವನ್ನೂ ಮುರಿದ ಮೂಳೆಯನ್ನೂ ತೋರಿಸಬಲ್ಲದು. ಆದರೆ ತಲೆ ಥಟ್ಟನೆ ತಿರುಗಿ ನಿಂತಾಗ ಮೃದುವಾದ ಮಿದುಳು ಒಳಗೇ ತಿರುಚಿಕೊಳ್ಳುತ್ತದೆ. ಕೂದಲಿಗಿಂತಲೂ ಬಹಳ ಸಣ್ಣದಾದ ನರತಂತುಗಳು ಎಳೆತಕ್ಕೆ ಸಿಕ್ಕುತ್ತವೆ. ಆಗ ನರಕೋಶಗಳ ಒಳಗಿರಬೇಕಾದ ಲವಣಾಂಶ ಹೊರಕ್ಕೂ, ಹೊರಗಿರಬೇಕಾದುದು ಒಳಕ್ಕೂ ನುಗ್ಗುತ್ತದೆ. ಅವನ್ನು ಮತ್ತೆ ಸ್ವಸ್ಥಾನಕ್ಕೆ ಸೇರಿಸಲು ಕೋಶಗಳಿಗೆ ಬಹಳ ಶಕ್ತಿ ಬೇಕು. ಅದೇ ಸಮಯದಲ್ಲಿ ಮಿದುಳಿಗೆ ರಕ್ತದ ಹರಿವು ಬೇಡಿಕೆಗೆ ತಕ್ಕಂತೆ ಇರುವುದಿಲ್ಲ. ಖರ್ಚು ಹೆಚ್ಚಿ ಆದಾಯ ತಗ್ಗಿದ ಸಂಸಾರದಂತೆ ಮಿದುಳು ಕೆಲಕಾಲ ನಡೆಯುತ್ತದೆ. ಇದು ಸಾಮಾನ್ಯ ಸ್ಕ್ಯಾನಿನ ಚಿತ್ರದಲ್ಲಿ ಮೂಡುವಂತಹುದಲ್ಲ.

ಮೊದಲ ವಾರ ಗುಮಾಸ್ತನಿಗೆ ತಲೆನೋವು. ಟೀವಿಯ ಸದ್ದು, ಮಿಕ್ಸರಿನ ಸದ್ದು ಸಹಿಸದು. ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಹಗಲೆಲ್ಲ ಆಯಾಸ, ರಾತ್ರಿ ನಿದ್ರೆಯಿಲ್ಲ. ಎಂಟನೆಯ ದಿನ ಅಂಗಡಿಗೆ ಹೋಗಿ ಖಾತೆ ತೆರೆದರೆ, ಮೂರು ಸಾಲು ಕೂಡಿಸುವುದರೊಳಗೆ ಕೈಹಿಡಿದ ದಶಕ ಮರೆತುಹೋಗುತ್ತದೆ. ಇಪ್ಪತ್ತು ವರ್ಷ ಲೆಕ್ಕ ಬರೆದ ಕೈ ಒಂದೇ ಪುಟದಲ್ಲಿ ನಾಲ್ಕು ಕಡೆ ತಪ್ಪುತ್ತದೆ. ಮನೆಗೆ ಬಂದರೆ ಮಕ್ಕಳ ಮೇಲೆ ಸಿಟ್ಟು. ಸಾಹುಕಾರರು ‘ಸ್ಕ್ಯಾನಿನ್ಯಾಗ ಏನೂ ಇಲ್ಲಂದ ಮ್ಯಾಲ ಇನ್ನೇನಪ್ಪಾ ಬ್ಯಾನಿ ನಿಂದು?’ ಎನ್ನುತ್ತಾರೆ. ಹೆಂಡತಿಗೆ ಬೇರೆ ಚಿಂತೆ: ‘ಇವರ ಸ್ವಭಾವನ ಬದಲಾಗೇತಿ, ಬುದ್ಧಿಗೇನರ ಆತೋ ಏನೋ.’ ಗುಮಾಸ್ತನೇ ತನ್ನ ಮೇಲೆ ಸಂಶಯಪಡತೊಡಗುತ್ತಾನೆ.

ಸಾಹುಕಾರರ ಸಂಶಯ ಹೊಸತೇನೂ ಅಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳಲ್ಲಿ ಪಾರಾದವರು ಹೀಗೆಯೇ ದೂರು ಹೇಳಿದಾಗ, ಇದು ದೇಹದ ರೋಗವೋ ಪರಿಹಾರಧನಕ್ಕಾಗಿ ಹೂಡಿದ ಆಟವೋ ಎಂದು ವೈದ್ಯರು ವರ್ಷಗಟ್ಟಲೆ ವಾದಿಸಿದರು. ಇಂದು ತಿಳಿದಿರುವಂತೆ ಈ ತೊಂದರೆಗಳು ನಿಜವಾದವು, ಸಾಮಾನ್ಯವಾದವು, ಮತ್ತು ಬಹುಪಾಲು ಜನರಲ್ಲಿ ವಾರಗಳಲ್ಲಿಯೇ, ಹೆಚ್ಚೆಂದರೆ ಮೂರು ತಿಂಗಳೊಳಗೆ, ತಾವಾಗಿಯೇ ಇಳಿಯತಕ್ಕವು. ತಲೆನೋವು, ತಲೆಸುತ್ತು, ಆಯಾಸ, ನಿದ್ರಾಭಂಗ, ಮರೆವು, ಗಮನ ನಿಲ್ಲದಿರುವಿಕೆ, ಸಿಡಿಮಿಡಿ, ಇವು ಒಂದೇ ಕುಟುಂಬದ ಸದಸ್ಯರಿದ್ದಂತೆ. ಒಂದು ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ನಿದ್ರೆ ಕೆಟ್ಟರೆ ನೋವು ಹೆಚ್ಚು, ನೋವು ಹೆಚ್ಚಿದರೆ ಗಮನ ನಿಲ್ಲದು, ತಪ್ಪಾದರೆ ಭಯ, ಭಯವಾದರೆ ನಿದ್ರೆ ಮತ್ತೆ ದೂರ.

ಗಂಟು ಬಿಡಿಸುವ ಬಗೆ

ಎರಡನೆಯ ವಾರದ ಕೊನೆಗೆ ಗುಮಾಸ್ತನನ್ನು ವೈದ್ಯರು ಮತ್ತೆ ನೋಡುತ್ತಾರೆನ್ನೋಣ. ಅವರು ಒಂದೊಂದೇ ಎಳೆಯನ್ನು ಬೇರೆ ಮಾಡುತ್ತಾರೆ.

ಮೊದಲನೆಯದು ತಲೆಸುತ್ತು. ಯಾವಾಗ ಬರುತ್ತದೆಂದು ಕೇಳಿದರೆ, ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಾಗ, ಮೇಲಿನ ಮಾಡದೊಳಗಿನದನ್ನು ತೆಗೆಯಲು ಕತ್ತೆತ್ತಿದಾಗ ಎನ್ನುತ್ತಾನೆ. ಅರ್ಧ ನಿಮಿಷ ಗೋಡೆಯೆಲ್ಲ ತಿರುಗಿ ನಿಲ್ಲುತ್ತದೆ. ಇದರ ಮೂಲ ಮಿದುಳಲ್ಲ, ಕಿವಿಯ ಒಳಭಾಗ. ಅಲ್ಲಿ ತೂಕವನ್ನು ತಿಳಿಸುವ ಸೂಕ್ಷ್ಮವಾದ ಸುಣ್ಣದ ಹರಳುಗಳಿವೆ. ಪೆಟ್ಟಿಗೆ ಅವು ಸ್ಥಳ ಬಿಟ್ಟು, ತಿರುಗುವಿಕೆಯನ್ನು ತಿಳಿಸುವ ಕೊಳವೆಯೊಳಕ್ಕೆ ಜಾರಿರುತ್ತವೆ. ಇದಕ್ಕೆ ಗುಳಿಗೆ ಬೇಕಿಲ್ಲ. ರೋಗಿಯನ್ನು ಮಲಗಿಸಿ ತಲೆಯನ್ನು ಕ್ರಮವಾಗಿ ನಾಲ್ಕಾರು ಭಂಗಿಗಳಲ್ಲಿ ತಿರುಗಿಸಿ, ಹರಳುಗಳು ಮತ್ತೆ ಸ್ವಸ್ಥಾನಕ್ಕೆ ಉರುಳುವಂತೆ ಮಾಡುವ ‘ಎಪ್ಲಿ’ ಎಂಬ ಕ್ರಮವಿದೆ. ಎಷ್ಟೋ ಸಲ ಒಂದೆರಡು ಸರದಿಗಳಲ್ಲಿಯೇ ಗುಣ ಕಾಣುತ್ತದೆ. ಕತ್ತಿಗೆ ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಂಡು ಬಲ್ಲವರೇ ಇದನ್ನು ಮಾಡಬೇಕು.

ಎರಡನೆಯದು ತಲೆನೋವು. ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ಗುಮಾಸ್ತ ದಿನಕ್ಕೆ ಮೂರು ಸಲ ನುಂಗುತ್ತಿದ್ದಾನೆ. ಮೊದಲ ಕೆಲವು ದಿನ ಇದರಿಂದ ಹಿತವುಂಟು. ಆದರೆ ತಿಂಗಳಿನಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಹೀಗೆ ನುಂಗುತ್ತ ಹೋದರೆ, ಗುಳಿಗೆಯೇ ತಲೆನೋವನ್ನು ಉಳಿಸಿಕೊಳ್ಳುತ್ತದೆ. ವೈದ್ಯರು ಅದನ್ನು ಕ್ರಮೇಣ ನಿಲ್ಲಿಸುತ್ತಾರೆ.

ಮೂರನೆಯದು ವಿಶ್ರಾಂತಿಯ ಪ್ರಶ್ನೆ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದು ಹಿಂದೆ ಒಳ್ಳೆಯದೆಂದು ತಿಳಿಯಲಾಗಿತ್ತು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೆಟ್ಟು ಬಿದ್ದ ಹುಡುಗ ಹುಡುಗಿಯರ ಒಂದು ಗುಂಪಿಗೆ ಐದು ದಿನ ಕಟ್ಟುನಿಟ್ಟಾದ ವಿಶ್ರಾಂತಿಯನ್ನೂ, ಇನ್ನೊಂದು ಗುಂಪಿಗೆ ಒಂದೆರಡು ದಿನದ ವಿಶ್ರಾಂತಿಯನ್ನೂ ವಿಧಿಸಿದ್ದರು. ಹೆಚ್ಚು ವಿಶ್ರಾಂತಿ ಪಡೆದವರೇ ಹೆಚ್ಚು ತೊಂದರೆಗಳನ್ನು ಹೇಳಿಕೊಂಡರು. ಆದುದರಿಂದ ಇಂದಿನ ಸಲಹೆ ಹೀಗಿದೆ: ಮೊದಲ ಒಂದೆರಡು ದಿನ ಸುಮ್ಮನಿರುವುದು, ಆಮೇಲೆ ಮನೆಯೊಳಗಿನ ಸಣ್ಣ ಕೆಲಸ, ನಡಿಗೆ, ಅನಂತರ ಅರ್ಧ ದಿನದ ದುಡಿಮೆ. ತೊಂದರೆ ತುಸು ಹೆಚ್ಚಿ ಒಂದು ಗಂಟೆಯೊಳಗೆ ಇಳಿದರೆ ಭಯವಿಲ್ಲ. ಬಹಳ ಹೆಚ್ಚಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬರುವುದು. ಗುಮಾಸ್ತನು ಬೆಳಿಗ್ಗೆ ಎರಡು ಗಂಟೆ ಮಾತ್ರ ಅಂಗಡಿಯಲ್ಲಿ ಕುಳಿತು, ಅರ್ಧ ಗಂಟೆಗೊಮ್ಮೆ ಎದ್ದು ಅಡ್ಡಾಡಿ, ತಾನು ಕೂಡಿಸಿದ್ದನ್ನು ಇನ್ನೊಬ್ಬರಿಂದ ತಾಳೆ ನೋಡಿಸುತ್ತಾನೆ. ನಾಲ್ಕನೆಯ ವಾರಕ್ಕೆ ಅರ್ಧ ದಿನ, ಆರನೆಯ ವಾರಕ್ಕೆ ಪೂರ್ತಿ ದಿನ. ಮೋಟಾರ್ ಸೈಕಲ್ ಮಾತ್ರ ತಲೆಸುತ್ತು ಪೂರ್ಣವಾಗಿ ಹೋಗುವವರೆಗೆ ಹೊರಗೆ ಬರದು. ಅಷ್ಟರಲ್ಲಿ ಮತ್ತೊಂದು ಪೆಟ್ಟು ಬಿದ್ದರೆ ಗುಣವಾಗುವುದು ಬಹಳ ದೀರ್ಘವಾಗುತ್ತದೆ. ಮದ್ಯವೂ ವರ್ಜ್ಯ.

ನಾಲ್ಕನೆಯದು, ಮತ್ತು ಎಲ್ಲಕ್ಕಿಂತ ಅಗ್ಗವಾದುದು, ತಿಳಿಸಿ ಹೇಳುವುದು. ಆಸ್ಟ್ರೇಲಿಯದ ಜೆನಿ ಪಾನ್ಸ್‌ಫರ್ಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಘುವಾದ ಪೆಟ್ಟು ಬಿದ್ದ ಕೆಲವರಿಗೆ ಮೊದಲ ವಾರದಲ್ಲಿಯೇ ಒಂದು ಕಿರುಹೊತ್ತಗೆಯನ್ನು ಕೊಟ್ಟು, ಯಾವ ಯಾವ ತೊಂದರೆಗಳು ಬರಬಹುದು, ಅವನ್ನು ಹೇಗೆ ನಿಭಾಯಿಸಬೇಕೆಂದು ತಿಳಿಸಲಾಯಿತು. ಮೂರು ತಿಂಗಳ ನಂತರ ನೋಡಿದಾಗ, ಹೊತ್ತಗೆ ಪಡೆಯದವರಿಗಿಂತ ಇವರಲ್ಲಿ ತೊಂದರೆಗಳೂ ಆತಂಕವೂ ಕಡಿಮೆಯಾಗಿದ್ದವು. ಗುಮಾಸ್ತನ ಹೆಂಡತಿಗೂ ಸಾಹುಕಾರರಿಗೂ ವೈದ್ಯರು ಹತ್ತು ನಿಮಿಷ ವಿವರಿಸಿದರೆ ಅದೂ ಚಿಕಿತ್ಸೆಯ ಒಂದು ಭಾಗವೇ. ‘ಸ್ಕ್ಯಾನಿನಲ್ಲಿ ಏನೂ ಇಲ್ಲ’ ಎಂಬ ಮಾತಿಗೆ ‘ಶಸ್ತ್ರಚಿಕಿತ್ಸೆ ಬೇಕಾಗುವಂತಹುದು ಏನೂ ಇಲ್ಲ’ ಎಂದು ಅರ್ಥಮಾಡಿಕೊಂಡರೆ ಮನೆಯ ಜಗಳ ಅರ್ಧ ಮುಗಿದಂತೆ.

ಹಿಂದಿರುಗಿ ಓಡಬೇಕಾದ ಸಂದರ್ಭಗಳು

ಹೀಗೆಂದು ಎಲ್ಲ ತಲೆನೋವನ್ನೂ ‘ವಾರಗಳಲ್ಲಿ ಹೋಗುತ್ತದೆ’ ಎಂದು ಕಡೆಗಣಿಸುವಂತಿಲ್ಲ. ಪೆಟ್ಟಿನ ನಂತರದ ಸಾಮಾನ್ಯ ತೊಂದರೆಯ ಲಕ್ಷಣವೆಂದರೆ, ಏರಿಳಿಯುತ್ತಿದ್ದರೂ ಒಟ್ಟಿನಲ್ಲಿ ಇಳಿಮುಖವಾಗಿರುವುದು. ಅದಕ್ಕೆ ವಿರುದ್ಧವಾಗಿ ದಿನದಿನಕ್ಕೆ ಏರುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಂತಹ ಮಂಪರು, ಸೆಳವು, ತೊದಲು ಮಾತು, ಕೈಕಾಲಿನ ನಿಶ್ಶಕ್ತಿ, ಮೂಗಿನಿಂದ ತಿಳಿನೀರು, ಇವುಗಳಲ್ಲಿ ಯಾವುದಾದರೊಂದು ಕಂಡರೆ ರಾತ್ರಿಯೋ ಹಗಲೋ ಎಂದು ನೋಡದೆ ಆಸ್ಪತ್ರೆಗೆ ಹಿಂದಿರುಗಬೇಕು. ಪೆಟ್ಟು ಬಿದ್ದವನನ್ನು ರಾತ್ರಿಯಿಡೀ ಮಲಗಗೊಡಬಾರದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವೈದ್ಯರು ನೋಡಿ ಮನೆಗೆ ಕಳುಹಿಸಿದವನು ಧಾರಾಳವಾಗಿ ನಿದ್ರಿಸಬಹುದು. ಮೊದಲ ದಿನ ಒಬ್ಬರು ಜತೆಯಲ್ಲಿದ್ದು, ಆತ ಎಬ್ಬಿಸಿದರೆ ಏಳುವನೇ ಎಂಬುದನ್ನು ಗಮನಿಸಿದರೆ ಸಾಕು.

ವೃದ್ಧರ ವಿಷಯ ಬೇರೆ. ವಯಸ್ಸಾದಂತೆ ಮಿದುಳು ಸಂಕೋಚಗೊಂಡು, ಅದಕ್ಕೂ ಕಪಾಲಕ್ಕೂ ನಡುವೆ ಸಣ್ಣ ಅಭಿಧಮನಿಗಳು ಬಿಗಿಯಾದ ತಂತಿಗಳಂತೆ ಎಳೆದು ನಿಂತಿರುತ್ತವೆ. ಬಚ್ಚಲಲ್ಲಿ ಜಾರಿ ಬಿದ್ದ, ಎಲ್ಲರೂ ಮರೆತುಹೋದ ಒಂದು ಸಣ್ಣ ಪೆಟ್ಟಿಗೂ ಅವು ಹರಿಯಬಲ್ಲವು. ರಕ್ತ ಹನಿಹನಿಯಾಗಿ ಸೋರಿ, ಮೂರು ನಾಲ್ಕು ವಾರಗಳ ಮೇಲೆ ಅಜ್ಜನ ನಡಿಗೆ ತಪ್ಪುತ್ತದೆ, ಮಾತು ಮರೆಯುತ್ತದೆ, ಹಗಲೇ ತೂಕಡಿಕೆ ಬರುತ್ತದೆ. ಮನೆಯವರು ಅದನ್ನು ಅರುಳುಮರುಳೆಂದುಕೊಳ್ಳುತ್ತಾರೆ. ಹೃದಯರೋಗಕ್ಕಾಗಿ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಲ್ಲಿ ಇದರ ಸಂಭವ ಇನ್ನೂ ಹೆಚ್ಚು. ಸ್ಕ್ಯಾನಿನಲ್ಲಿ ಕಂಡುಹಿಡಿದರೆ, ಕಪಾಲದಲ್ಲಿ ಸಣ್ಣ ರಂಧ್ರ ಕೊರೆದು ರಕ್ತವನ್ನು ಹೊರಗೆಡಹುವುದರಿಂದ ಹಲವರು ಮತ್ತೆ ಮೊದಲಿನಂತಾಗುತ್ತಾರೆ.

ಇನ್ನು ಕೆಲವರಲ್ಲಿ, ಯಾವ ರಕ್ತಸ್ರಾವವೂ ಇಲ್ಲದೆಯೇ, ತೊಂದರೆಗಳು ಮೂರು ತಿಂಗಳನ್ನು ದಾಟಿಯೂ ಉಳಿಯುವುದುಂಟು. ಮೊದಲೇ ಅರೆತಲೆಶೂಲೆಯಿದ್ದವರು, ಹಿಂದೆ ತಲೆಗೆ ಪೆಟ್ಟಾಗಿದ್ದವರು, ಖಿನ್ನತೆ ಆತಂಕಗಳಿಂದ ನರಳಿದವರು ಇವರಲ್ಲಿ ಹೆಚ್ಚು. ಅವರಿಗೆ ‘ಇನ್ನೂ ಕಾಯಿರಿ’ ಎನ್ನುವುದು ಚಿಕಿತ್ಸೆಯಾಗದು. ತಲೆನೋವಿನ ಬಗೆ ಯಾವುದು, ನಿದ್ರೆ ಏಕೆ ಕೆಟ್ಟಿದೆ, ಕಿವಿಯೇ, ಕತ್ತೇ, ಕಣ್ಣೇ, ಮನಸ್ಸೇ ಎಂದು ನರವೈದ್ಯರು ಒಂದೊಂದಾಗಿ ಪರೀಕ್ಷಿಸಿ ಒಂದೊಂದಕ್ಕೂ ತಕ್ಕ ಉಪಾಯ ಮಾಡಬೇಕು. ಅಂತಹ ರೋಗಿಯು ಹೋಗುವಾಗ ಮೊದಲ ರಾತ್ರಿಯ ಚೀಟಿಯನ್ನು ಜತೆಯಲ್ಲಿ ಒಯ್ಯುವುದು ಒಳ್ಳೆಯದು. ಎಷ್ಟು ಗಂಟೆಗೆ ಕಣ್ಣಿಗೆಷ್ಟು, ಮಾತಿಗೆಷ್ಟು, ಕೈಗೆಷ್ಟು ಎಂದು ಬರೆದ ಆ ಕಾಗದದಿಂದ ಪೆಟ್ಟಿನ ತೂಕವೆಷ್ಟಿತ್ತೆಂಬುದು ವೈದ್ಯರಿಗೆ ತಿಳಿಯುತ್ತದೆ. ಆಮೇಲಿನ ಕಥೆಯನ್ನು ರೋಗಿಯ ಬಾಯಿಂದಲೇ ಕೇಳಬೇಕು.